ಸಹಾಯ ಬೇಕು: ಅಮ್ಮನ ಸೊಂಟದ ಕೀಲಿನ ಆಪರೇಷನ್ ಸಿಂಗಾಪುರದಲ್ಲಿ, ಪಾಲಿಸಿ ಇಲ್ಲಿಯದು

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ ಸೊಂಟದ ಕೀಲು ಬದಲಿಸಬೇಕು. ಅಣ್ಣ ಸಿಂಗಾಪುರದಲ್ಲಿದ್ದಾನೆ, ಅಲ್ಲೇ ಮಾಡಿಸೋಣ ಅಂತಾನೆ. ಅಮ್ಮನ 10 ಲಕ್ಷದ ಹೆಲ್ತ್ ಪಾಲಿಸಿ ತೆಗೆದು ಓದಿದರೆ, ಭಾರತದ ಹೊರಗಿನ ಚಿಕಿತ್ಸೆಗೆ ದುಡ್ಡಿಲ್ಲ ಎಂದು ಸ್ಪಷ್ಟವಾಗಿದೆ. ಪ್ರೀಮಿಯಂ ಲೆಕ್ಕ ಹಾಕಿರುವುದೇ ಇಲ್ಲಿನ ಆಸ್ಪತ್ರೆ ದರಕ್ಕೆ, ಅಲ್ವಾ.

ಟ್ರಾವೆಲ್ ಇನ್ಶೂರೆನ್ಸ್ ಕೇಳಿದೆ. ಅದು ಹೋದಲ್ಲಿ ದಿಢೀರನೆ ಕಾಯಿಲೆ ಬಿದ್ದರೆ ಅಥವಾ ಅಪಘಾತವಾದರೆ ಮಾತ್ರವಂತೆ. ಚಿಕಿತ್ಸೆಗೆಂದೇ ಹೊರಟರೆ ಕ್ಲೇಮ್ ಇಲ್ಲ, ಯಾಕೆಂದರೆ ಖರ್ಚು ಬರುವುದು ಮೊದಲೇ ಗೊತ್ತಿದ್ದು ಪಾಲಿಸಿ ಕೊಂಡಂತಾಗುತ್ತದೆ. ಸುಮ್ನೆ ಪ್ರವಾಸ ಅಂತ ಬರೆದು ಹೋಗೋಣ ಅಂದ ಅಣ್ಣ, ಆದರೆ ಇಲ್ಲಿನ ಎಕ್ಸ್‌ರೇ, ಡಾಕ್ಟರ್ ಚೀಟಿ ನೋಡಿದರೆ ಸಿಕ್ಕಿಬೀಳುತ್ತೇವೆ.

ವಿದೇಶದ ಚಿಕಿತ್ಸೆಗೂ ಕವರ್ ಕೊಡುವ ದುಬಾರಿ ಪಾಲಿಸಿಯಲ್ಲಿ ಯಾರಾದರೂ ಮೊದಲೇ ಅನುಮತಿ ಪಡೆದು ಆಪರೇಷನ್ ಮಾಡಿಸಿದ್ದೀರಾ? ಈಗಾಗಲೇ ಇರುವ ತೊಂದರೆಗೆ ಎಷ್ಟು ವರ್ಷ ಕಾಯಿಸಿದರು?