ಗೋ ಆಟ: ಕೈಗೆ ಸಿಕ್ಕ ಕಲ್ಲು ತಪ್ಪಿಸಿಕೊಳ್ಳುತ್ತಿದೆ, ಲ್ಯಾಡರ್ ಫಲಿಸುತ್ತಿಲ್ಲ

ಕರಿಕಲ್ಲು: ತಲೆ ಕೆಟ್ಟುಹೋಗಿದೆ. ಬಿಳಿ ಕಲ್ಲು ಒಂದೇ, E5ರಲ್ಲಿ. ನನ್ನವು D5, E4. F5ರಲ್ಲಿ ಅಟಾರಿ ಕೊಟ್ಟೆ, ಅವನು E6ಗೆ ಓಡಿದ. ಅಟ್ಟಿಸಿಕೊಂಡು ಹೋದೆ. ಕೊನೆಗೆ ಪಾರಾಗಿಬಿಟ್ಟ, ನನ್ನ ಕಲ್ಲುಗಳೇ ದಿಕ್ಕಾಪಾಲಾದವು.

ಮಲ್ನಾಡ್ ಮಂಜ: ಅಟಾರಿ ಕೊಟ್ಟ ಕಡೆ ಸರಿಯಿಲ್ಲ. E6ರಲ್ಲಿ ಇಡಿ. ಆಗ F5ಗೆ ಓಡ್ತಾನೆ, ಲ್ಯಾಡರ್ ಸಿಗುತ್ತೆ.

ಶಾರದಾ: D6, F4 ಯಾರದು? 19x19 ಬೋರ್ಡ್ ತಾನೆ? Q16ರಲ್ಲಿ ಏನಿದೆ?

ಕರಿಕಲ್ಲು: D6, F4 ನನ್ನವೇ. Q16ರಲ್ಲಿ ಬಿಳಿ ಇದೆ. ಅದು ಎಷ್ಟೋ ದೂರ ಅಲ್ವಾ?

ಮಲ್ನಾಡ್ ಮಂಜ: ದೂರವೇ. E6 ಇಟ್ಟು ನೋಡಿ ಅಂದೆನಲ್ಲ.

ಶಾರದಾ: ಮಂಜ, ಎರಡು ಅಟಾರಿಯೂ ಒಂದೇ ಕರ್ಣದಲ್ಲಿ ಮೇಲಕ್ಕೆ ಹೋಗುತ್ತವೆ. E5, F6, G7 ಎಂದು ಎಣಿಸುತ್ತಾ ಹೋದರೆ ನೇರ Q16. ಅಲ್ಲಿ ಬಿಳಿ ಇರುವವರೆಗೆ ಲ್ಯಾಡರ್ ಬೇಡ. F6ರಲ್ಲಿ ನೆಟ್ ಹಾಕಿ.

ಕರಿಕಲ್ಲು: F6 ಅವನ ಕಲ್ಲನ್ನು ಮುಟ್ಟುವುದೇ ಇಲ್ಲ! ಆರಾಮಾಗಿ ಹೊರಗೆ ಬರ್ತಾನೆ.

ಶಾರದಾ: ಬರಲಿ ಬಿಡಿ. F5ಗೆ ಬಂದರೆ ನೀವು G5. ಈಗ ಅವನಿಗೆ E6 ಒಂದೇ ಲಿಬರ್ಟಿ. ಅಲ್ಲಿಗೆ ಹೋದರೆ ಒಂದು ಕಡೆ ನಿಮ್ಮ D6, ಇನ್ನೊಂದು ಕಡೆ F6. ಉಳಿಯುವುದು E7 ಮಾತ್ರ. ಅಲ್ಲಿ ಇಟ್ಟು ಮೂರೂ ಕಲ್ಲು ಎತ್ತಿಕೊಳ್ಳಿ. ಮೊದಲು E6ಗೆ ಬಂದರೆ E7ರಲ್ಲಿ ತಡೆಯಿರಿ, ಆಮೇಲೆ F5ಗೆ ಹೋದರೂ G5ರಲ್ಲಿ ಕಥೆ ಮುಗಿಯಿತು. ಆದರೆ F4 ಖಾಲಿ ಇದ್ದರೆ ಈ ನೆಟ್ ತೂತು. G5ರಲ್ಲಿ ಮೊದಲೇ ಬಿಳಿ ಇದ್ದರೂ ಅಷ್ಟೇ, F5ರಲ್ಲಿ ಸೇರಿಕೊಳ್ಳುತ್ತಾನೆ.

ಕಾವೇರಿ ತೀರ: ನನ್ನದೂ ಇದೇ ಗೋಳು, ಅಂಚಿನಲ್ಲಿ. ಹೊರಗಿನಿಂದ ಅಟಾರಿ ಕೊಟ್ಟರೆ ಬಿಳಿ ಕೂಡಿಕೊಳ್ಳುತ್ತದೆ. ಕೂಡಿಕೊಳ್ಳುವ ಜಾಗದಲ್ಲೇ ನಾನು ಒಂದು ಕಲ್ಲು ಇಟ್ಟರೆ ಅದನ್ನೇ ತಿಂದುಬಿಡುತ್ತಾನೆ.

ಶಾರದಾ: ತಿನ್ನಲಿ. ತಿಂದ ಮೇಲೆ ಅವನ ಗುಂಪಿನ ಲಿಬರ್ಟಿ ಎಣಿಸಿ. ನಿಮ್ಮ ಕಲ್ಲು ಎತ್ತಿದ ಆ ಖಾಲಿ ಜಾಗ ಒಂದೇ ಉಳಿದಿದ್ದರೆ ಸ್ನ್ಯಾಪ್‌ಬ್ಯಾಕ್. ಅಲ್ಲೇ ಮತ್ತೆ ಇಟ್ಟು ಗುಂಪನ್ನೇ ತೆಗೆಯಿರಿ. ಎರಡು ಉಳಿದರೆ ನಿಮ್ಮ ಕಲ್ಲು ಸುಮ್ನೆ ಹೋಯಿತು.

ಮಲ್ನಾಡ್ ಮಂಜ: ತಕ್ಷಣ ವಾಪಸ್ ತಿನ್ನೋ ಹಾಗಿಲ್ಲ. ಕೋ ನಿಯಮ ಅಡ್ಡ ಬರುತ್ತೆ.

ಶಾರದಾ: ಕೋ ಆಗಬೇಕಾದರೆ ಬೋರ್ಡ್ ಹಿಂದಿನ ಸ್ಥಿತಿಗೇ ಮರಳಬೇಕು. ಇಲ್ಲಿ ಅವನು ತೆಗೆದದ್ದು ಒಂದು ಕಲ್ಲು, ನೀವು ತೆಗೆಯುವುದು ಜಾಸ್ತಿ. ಅದೇ ಸ್ಥಿತಿ ಬರುವುದೇ ಇಲ್ಲ.

ಮಲ್ನಾಡ್ ಮಂಜ: ನಮ್ಮ ಕ್ಲಬ್‌ನಲ್ಲಿ ಬಿಡಲ್ಲ ಅನ್ನೋದು ನನ್ನ ನೆನಪು. ಕೇಳಿ ಹೇಳ್ತೀನಿ.

ಕರಿಕಲ್ಲು: F6 ಇಟ್ಟು ನೋಡಿದೆ ಶಾರದಕ್ಕ, ಸಿಕ್ಕಿತು! ಆದರೆ ಅವನು ಓಡದೆ ಮೊದಲು G6ರಲ್ಲಿ ಇಟ್ಟರೆ? ಆಗ ನಾನು ಕಲ್ಲನ್ನು ಹಿಡಿಯಬೇಕಾ, F6ನ್ನು ಕಾಪಾಡಬೇಕಾ?

ಕಾವೇರಿ ತೀರ: ನನ್ನ ಅಂಚಿನ ಆಟದ ಚಿತ್ರ ರಾತ್ರಿ ಹಾಕ್ತೀನಿ. ಅಲ್ಲಿ ಎರಡು ಲಿಬರ್ಟಿ ಉಳಿಯುತ್ತೆ ಅನ್ಸುತ್ತೆ.