ಅಪ್‌ಡೇಟ್: ಸೀರೆ ಅಂಗಡಿಯವರು ಒಪ್ಪಿದರು, ಆದರೆ ಮೊದಲ ಪತ್ರಕ್ಕಲ್ಲ

ನಾನು ಕೇಳಿದ್ದು: "ದಾವಣಗೆರೆಯಲ್ಲಿ ನನ್ನದು ಬ್ಲೌಸ್ ಹೊಲಿಯುವ ಅಂಗಡಿ. ಪಕ್ಕದ ಬೀದಿಯ ಸೀರೆ ಅಂಗಡಿ ಜೊತೆ ಸೇರಿ ಪ್ರಚಾರ ಮಾಡಬೇಕು. ಪತ್ರದಲ್ಲಿ ಏನು ಬರೆಯಲಿ?"

ಮೊದಲು "ಲಾಭ ಅರ್ಧರ್ಧ" ಅಂತ ಬರೆದಿದ್ದೆ. ಅಂಗಡಿ ಅಕ್ಕ ಓದಿ, "ಯಾರ ಲಾಭ? ಎಣಿಸೋರು ಯಾರು?" ಅಂದರು. ಸರಿಯಾದ ಪ್ರಶ್ನೆಯೇ ಅಲ್ವಾ?

ಎರಡನೇ ಪತ್ರದಲ್ಲಿ ಲಾಭ ಹಂಚುವ ಮಾತೇ ಇರಲಿಲ್ಲ. ಅವರು ಸೀರೆ ಚೀಲದಲ್ಲಿ ನನ್ನ ಹಳದಿ ಚೀಟಿ ಹಾಕಬೇಕು. ಅದನ್ನು ತಂದವರಿಗೆ ಹೊಲಿಗೆಯಲ್ಲಿ 50 ರೂಪಾಯಿ ಕಡಿಮೆ, ಆ ಖರ್ಚು ನನ್ನದು. ನಾನು ಕೊಡುವ ಬಿಳಿ ಚೀಟಿಗೆ ಸೀರೆಯಲ್ಲಿ 100 ಕಡಿಮೆ, ಅದು ಅವರದು. ಅಚ್ಚು ಹಾಕಿಸಿದ ಖರ್ಚು ಮಾತ್ರ ಅರ್ಧರ್ಧ. ಮೂರು ತಿಂಗಳು ನೋಡೋದು. ಬೇಡ ಅನಿಸಿದರೆ 15 ದಿನ ಮೊದಲು ಹೇಳೋದು.

ಪ್ರತಿ ಚೀಟಿಗೂ ನಂಬರ್ ಹಾಕಿಸಿದ್ದು ಒಳ್ಳೇದಾಯ್ತು. ಶನಿವಾರ ಸಂಜೆ ಇಬ್ಬರೂ ಕೂತು ಎಣಿಸುತ್ತೇವೆ. ಮೊದಲ ವಾರ 60 ಚೀಟಿ ಹೋಗಿತ್ತು, ವಾಪಸ್ ಬಂದಿದ್ದು ನಾಲ್ಕೇ. ವಿಚಾರಿಸಿದರೆ, ಕೌಂಟರ್ ಹುಡುಗ ಟವೆಲ್ ಕೊಂಡವರಿಗೂ ಸುಮ್ನೆ ಹಾಕಿದ್ದ! ಈಗ ಬ್ಲೌಸ್ ಪೀಸ್ ಇರುವ ಸೀರೆಗೆ ಮಾತ್ರ. ಮುಂದಿನ ವಾರ 22 ಹೋಗಿ ಏಳು ಬಂದವು.

ಅಕ್ಕ ಸೇರಿಸಿದ ಒಂದು ಸಾಲು ನನಗೆ ಹೊಳೆದೇ ಇರಲಿಲ್ಲ. ಹತ್ತು ದಿನದಲ್ಲಿ ಬ್ಲೌಸ್ ಕೊಡಲು ಆಗದಷ್ಟು ಕೆಲಸ ಬಂದರೆ ನಾನು ಫೋನ್ ಮಾಡಬೇಕು, ಅವರು ಚೀಟಿ ನಿಲ್ಲಿಸುತ್ತಾರೆ. ತಡವಾದರೆ ಗಿರಾಕಿ ಬೈಯೋದು ಅವರನ್ನೂ ಸೇರಿಸಿ ತಾನೆ. ದೀಪಾವಳಿ ಹೊತ್ತಿಗೆ ಆ ಫೋನ್ ಮಾಡಬೇಕಾಗುತ್ತೆ ಅನಿಸುತ್ತಿದೆ.