ಕೆರೆ ಹೊಲದ ಫೋಟೋ ಮೇಲೆ ಮನೆಮಂದಿ ಗುಂಪಿನ ಜಗಳ

ಊರಿನ ತಮ್ಮ: (ಫೋಟೋ) ಇವತ್ತು ಬೆಳಗ್ಗೆ ಕೆರೆ ಹೊಲ. ಮಣ್ಣು ಮಗುಚುವ ನೇಗಿಲಿನಿಂದ ಪಲ್ಟಿ ಹೊಡೆಯುವುದು ನಡೆದಿದೆ.

ಪುಣೆ ಅಣ್ಣ: ಇದೆಂಥ ಪಲ್ಟಿ? ನೇಗಿಲಿನ ಅರ್ಧ ಆಕಾಶ ನೋಡುತ್ತಿದೆ. ಮುರಿದದ್ದನ್ನೇ ಕಟ್ಟಿಕೊಂಡು ಬಂದಿದ್ದಾನೆ. ಪೂರ್ತಿ ದುಡ್ಡು ಕೊಟ್ಟಿದ್ದೇವೆ ಕಾಕಾ.

ದೊಡ್ಡ ಕಾಕಾ: ಪುಣೆಯಲ್ಲಿ ಕೂತು ಮುರಿದಿದೆ ಅನ್ನಬೇಡ. ಅದು ಇರುವುದೇ ಹಾಗೆ.

ವಿನು: ಬದುವಿನ ಮೇಲೆ ಇಟ್ಟಿರೋದು ಬಿತ್ತುವ ಮಷೀನ್ ಅಲ್ವಾ? ಸಾಲಾಗಿ ಹಲ್ಲು ಕಾಣುತ್ತಿವೆ.

ಮಾವ: ಅಲ್ಲಪ್ಪ ವಿನು, ಅದು ಕಲ್ಟಿವೇಟರ್. ಒಂಬತ್ತು ಹಲ್ಲಿವೆ, ಒಂದೊಂದಕ್ಕೂ ಸ್ಪ್ರಿಂಗ್ ಇದೆ ನೋಡು. ಕಲ್ಲು ತಾಗಿದರೆ ಹಲ್ಲು ಮುರಿಯದೆ ಹಿಂದಕ್ಕೆ ಸರಿಯಲಿ ಅಂತ. ಬಿತ್ತುವ ಕೂರಿಗೆಯಾದರೆ ಮೇಲೆ ಬೀಜದ ಪೆಟ್ಟಿಗೆ ಬೇಕು, ಅದರಿಂದ ಪೈಪುಗಳು ಇಳಿದಿರಬೇಕು.

ಪುಣೆ ಅಣ್ಣ: ಮಾವ, ನೇಗಿಲಿನ ಮಾತು ಹೇಳಿ ಮೊದಲು.

ಮಾವ: ನೇಗಿಲು ಸರಿಯಾಗಿದೆ. ಅದರಲ್ಲಿ ಮಣ್ಣು ಮಗುಚುವ ಫಾಳ ಎರಡು ಜೊತೆ ಇರುತ್ತವೆ. ಒಂದು ಮಣ್ಣಲ್ಲಿ, ಇನ್ನೊಂದು ಮೇಲೆ. ಹೊಲದ ತುದಿಗೆ ಹೋಗಿ ಟ್ರ್ಯಾಕ್ಟರ್ ತಿರುಗಿಸಿದಾಗ ಡ್ರೈವರ್ ಲಿವರ್ ಎಳೆಯುತ್ತಾನೆ, ಮೇಲಿನದು ಕೆಳಗೆ ಬರುತ್ತದೆ. ಹೋಗುವಾಗ ಮಣ್ಣು ಬಲಕ್ಕೆ ಮಗುಚಿದರೆ ಬರುವಾಗ ಎಡಕ್ಕೆ. ಟ್ರ್ಯಾಕ್ಟರ್ ಮುಖವೂ ತಿರುಗಿರುತ್ತದಲ್ಲ, ಹಾಗಾಗಿ ಎರಡೂ ಸಲ ಮಣ್ಣು ಹೊಲದ ಒಂದೇ ಕಡೆಗೆ ಬೀಳುತ್ತದೆ. ಒಂದೇ ಜೊತೆಯ ಹಳೇ ಪಲ್ಟಿಯಲ್ಲಿ ಸುತ್ತು ಹಾಕಿ ಹೊಡೆಯಬೇಕಿತ್ತು. ಕೊನೆಗೆ ಹೊಲದ ನಡುವೆ ಕಾಲುವೆಯಂಥ ತಗ್ಗು ಉಳಿಯುತ್ತಿತ್ತು.

ದೊಡ್ಡ ಕಾಕಾ: ಕೇಳಿದೆಯಾ?

ಬೆಂಗಳೂರು ಅಕ್ಕ: ಕಾಕಾ, ಫೋಟೋದ ಎಡ ಮೂಲೆಯನ್ನು ಸ್ವಲ್ಪ ದೊಡ್ಡದು ಮಾಡಿ ನೋಡಿ. ಧೂಳಿನಲ್ಲಿ ಇನ್ನೊಂದು ಟ್ರ್ಯಾಕ್ಟರ್ ಇದೆ. ಅದು ಏನು ಮಾಡುತ್ತಿದೆ?

ದೊಡ್ಡ ಕಾಕಾ: ಅದೂ ಪಲ್ಟಿಯೇ. ಟ್ರ್ಯಾಕ್ಟರ್‌ನಿಂದ ಪೈಪ್ ಬಂದಿದೆ ನೋಡು, ಇದಕ್ಕಿದ್ದ ಹಾಗೇ.

ಮಾವ: ಬೇಸರ ಮಾಡಿಕೊಳ್ಳಬೇಡಿ, ಅದು ಪೈಪ್ ಅಲ್ಲ. ಪಲ್ಟಿಯ ಪೈಪ್ ಕಪ್ಪು ರಬ್ಬರಿನದು, ಜೋತು ಬಿದ್ದಿರುತ್ತದೆ. ನೇಗಿಲು ಮಗುಚಲು ಎಣ್ಣೆ ಹೋಗುವುದು ಅದರಲ್ಲಿ. ಅಲ್ಲಿ ಕಾಣುವುದು ಹಳದಿ, ನೆಟ್ಟಗಿದೆ, ಟ್ರ್ಯಾಕ್ಟರ್ ಹಿಂಬದಿಯ ನಡುಮಧ್ಯದಿಂದಲೇ ಹೊರಟಿದೆ. ಅದು ಇಂಜಿನ್ ಶಕ್ತಿಯಿಂದ ತಿರುಗುವ ಪಿಟಿಒ ಶಾಫ್ಟಿನ ಕವರ್. ಪಲ್ಟಿಯನ್ನು ಬರೀ ಎಳೆಯುವುದು, ಅದಕ್ಕೆ ತಿರುಗುವ ಶಾಫ್ಟ್ ಯಾಕೆ? ಅದು ತಿರುಗುವ ಬ್ಲೇಡಿನಿಂದ ಮಣ್ಣು ಪುಡಿ ಮಾಡುವ ರೋಟವೇಟರ್. ಎಷ್ಟೋ ಕಡೆ ಆ ಕವರ್ ಕಳೆದುಹೋಗಿರುತ್ತದೆ, ಆಗ ಹಿಂದಿನ ಮಣ್ಣು ನೋಡಬೇಕು. ಪಲ್ಟಿಯ ಹಿಂದೆ ದೊಡ್ಡ ಹೆಂಟೆ, ನೇಗಿಲು ಸವರಿದ ಕಡೆ ಮಿಣಮಿಣ ಹೊಳೆಯುತ್ತದೆ. ರೋಟವೇಟರ್ ಹಿಂದೆ ಜರಡಿ ಹಿಡಿದ ಹಾಗೆ ಪುಡಿ, ಮೇಲೆ ಚಪ್ಪಟೆ. ಹಿಂದೆ ನೇತಾಡುವ ತಗಡು ಮಟ್ಟ ಮಾಡುತ್ತಾ ಹೋಗುತ್ತದೆ.

ಪುಣೆ ಅಣ್ಣ: ಪುಡಿಯಾದರೆ ಒಳ್ಳೆಯದೇ ಅಲ್ವಾ? ಹೇಗೂ ಬಿತ್ತಲು ಮಣ್ಣು ಪುಡಿ ಮಾಡಲೇಬೇಕು.

ಬೆಂಗಳೂರು ಅಕ್ಕ: ಅಣ್ಣ, ಅದು ಕರಿಕೆ ಹುಲ್ಲಿನ ಮೂಲೆ! ಈ ಬೇಸಿಗೆ ಪಲ್ಟಿ ಮಾಡಿಸುತ್ತಿರುವುದೇ ಅದಕ್ಕೆ.

ಮಾವ: ಅದೇ ಎಡವಟ್ಟು. ಪಲ್ಟಿ ಕರಿಕೆಯ ಬೇರುಗಡ್ಡೆಯನ್ನು ಕೆಳಗಿಂದ ಎತ್ತಿ ಬಿಸಿಲಿಗೆ ಹಾಕುತ್ತದೆ. ಹೆಂಟೆಯ ಸಂದಿನಲ್ಲಿ ಗಾಳಿ ಆಡಿ ಒಣಗಿ ಸಾಯುತ್ತದೆ. ರೋಟವೇಟರ್ ಅದನ್ನೇ ತುಂಡು ತುಂಡು ಮಾಡಿ ಹಸಿ ಮಣ್ಣಲ್ಲಿ ಕಲಸುತ್ತದೆ. ಗಣ್ಣಿರುವ ಒಂದೊಂದು ತುಂಡೂ ಮಳೆ ಬಿದ್ದರೆ ಹೊಸ ಗಿಡ. ಕೈಯಾರೆ ನಾಟಿ ಮಾಡಿದ ಹಾಗೆ.

ದೊಡ್ಡ ಕಾಕಾ: ಎರಡನೇ ಡ್ರೈವರ್ ಹೇಳಿದ, ಮತ್ತೊಮ್ಮೆ ಬಂದರೆ ಡೀಸೆಲ್ ದಂಡ, ಪಲ್ಟಿ ಈ ಕಡೆ ಬರುವುದರೊಳಗೆ ಆ ಮೂಲೆ ಮುಗಿಸಿಬಿಡುತ್ತೇನೆ ಅಂತ. ನಾನೂ ಹೂಂ ಅಂದೆ. ಪಲ್ಟಿ ಇನ್ನೂ ಅಲ್ಲಿಗೆ ಹೋಗಿಲ್ಲ.

ಮಾವ: ತಮ್ಮಾ, ಮೊದಲು ಅದನ್ನು ನಿಲ್ಲಿಸು. ಆಮೇಲೆ ಎರಡೂ ಕಡೆ ಕೋಲು ಚುಚ್ಚಿ ಫೋಟೋ ಹಾಕು.

ಊರಿನ ತಮ್ಮ: (ಎರಡು ಫೋಟೋ) ನಿಲ್ಲಿಸಿದೆ. ಪಲ್ಟಿ ಕಡೆ ಕೋಲು ಒಂದು ಗೇಣಿಗೂ ಜಾಸ್ತಿ ಇಳಿಯಿತು. ಮೂಲೆಯಲ್ಲಿ ಐದು ಬೆರಳು, ಆಮೇಲೆ ಟಕ್ ಅಂತ ನಿಂತಿತು. ಕೈ ಹಾಕಿದರೆ ಬೆರಳುದ್ದದ ಬಿಳಿ ತುಂಡುಗಳು ಸಿಗುತ್ತಿವೆ. ಕಾಲು ಎಕರೆ ಆಗಿಹೋಗಿದೆ.

ಮಾವ: ಕಾಲು ಎಕರೆಗೇ ಉಳಿಯಿತಲ್ಲ. ಮೇಲೆ ಕಾಣುವ ತುಂಡು ಆರಿಸಿ, ಬದುವಿನ ಆಚೆ ಹಾಕಿಸಿ ಸುಡಿ. ಆಮೇಲೆ ಅಲ್ಲಿಗೂ ಪಲ್ಟಿ ಹೊಡೆಸಿ. ಮಳೆವರೆಗೆ ಹೆಂಟೆ ಮುಟ್ಟಬೇಡಿ. ಇನ್ನು ಆ ರೋಟವೇಟರ್ ಬೇರೆ ಹೊಲಕ್ಕೆ ಹೋಗುವ ಮುಂಚೆ ಅದರ ಬ್ಲೇಡಿಗೆ ಸುತ್ತಿಕೊಂಡ ಕರಿಕೆ ಕಿತ್ತು ಹಾಕಿಸಿ. ಇಲ್ಲದಿದ್ದರೆ ಮೇಲಿನ ಹೊಲಕ್ಕೂ ಬೀಜ ಹೊತ್ತ ಹಾಗೆ.

ಪುಣೆ ಅಣ್ಣ: ಆ ರೋಟವೇಟರ್ ತಾಸಿನ ದುಡ್ಡು ಯಾರು ಕೊಡುವುದು?

ದೊಡ್ಡ ಕಾಕಾ: ಹೂಂ ಅಂದವನು ನಾನು, ನಾನೇ ಕೊಡುತ್ತೇನೆ. ನೀನು ಆ ಮುರಿದ ನೇಗಿಲಿನ ಮೆಸೇಜ್ ತೆಗೆ. ಪಲ್ಟಿ ಡ್ರೈವರ್‌ಗೆ ಫೋಟೋ ತೋರಿಸಲು ಹೋಗಿ ಅದೂ ತೋರಿಸಿಬಿಟ್ಟೆ, ಇನ್ನೂ ನಗುತ್ತಿದ್ದಾನೆ.

ಪುಣೆ ಅಣ್ಣ: ಈ ಸಂದೇಶವನ್ನು ಅಳಿಸಲಾಗಿದೆ.